ಮುಳ್ಳು ಅಲ್ಲಾಡಲಿಲ್ಲ, ಆದರೂ ಸಹಿ ಬೀಳಲಿಲ್ಲ

ಬೆಂಕಿ ಆರಿಸುವ ಪೈಪುಗಳ ಹೈಡ್ರೋಸ್ಟ್ಯಾಟಿಕ್ ಟೆಸ್ಟ್ ರಿಪೋರ್ಟ್ ಅಂದ್ರೆ ಒಂದೇ ಒಂದು ಹಾಳೆ. ಮೇಲ್ಗಡೆ ಕಟ್ಟಡದ ಹೆಸರು, ಪೈಪಿನ ಅಳತೆ, ಪ್ರೆಶರ್ ಗೇಜಿನ ನಂಬರು. ಮಧ್ಯದಲ್ಲಿ ಅರ್ಧ ಗಂಟೆಗೊಂದರಂತೆ ಐದು ರೀಡಿಂಗ್. ಕೆಳಗಡೆ ಮೂರು ಸಹಿಗಳಿಗೆ ಜಾಗ: ಕಂಟ್ರಾಕ್ಟರ್, ಕನ್ಸಲ್ಟೆಂಟ್, ಮತ್ತೆ ಕಾಲೇಜಿನ ಕಡೆಯವರು. ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬ್ ರೆಕಾರ್ಡಿಗಿಂತ ಸುಲಭ. ಲ್ಯಾಬ್ ರೆಕಾರ್ಡಿನಲ್ಲಿ ಕನಿಷ್ಠ ಒಂದು ಗ್ರಾಫಾದ್ರೂ ಇರುತ್ತೆ.

ನಾವು ನಾಲ್ವರು ಮೆಕ್ಯಾನಿಕಲ್ ಎರಡನೇ ವರ್ಷದವರು. ಕ್ಯಾಂಪಸ್ಸಿನಲ್ಲಿ ಏಳುತ್ತಿರುವ ಹೊಸ ಹಾಸ್ಟೆಲ್ ಬ್ಲಾಕಿನಲ್ಲಿ ಈ ಟೆಸ್ಟ್ ನಡೆಯುವಾಗ ನೋಡೋಕೆ ಎಸ್ಟೇಟ್ ಆಫೀಸಿನಿಂದ ಅನುಮತಿ ಕೇಳಿದೆವು. ಮಿನಿ ಪ್ರಾಜೆಕ್ಟಿಗೆ ಒಂದು ವಿಷಯ ಬೇಕಿತ್ತು ಅನ್ನೋದು ಒಂದು ಕಾರಣ. ಮುಂದಿನ ವರ್ಷ ಅದೇ ಬ್ಲಾಕಿನ ನಾಲ್ಕನೇ ಮಹಡಿಯಲ್ಲಿ ಮಲಗುವವರು ನಾವೇ ಅನ್ನೋದು ಇನ್ನೊಂದು. ಎರಡು ಗಂಟೆ ಕೂತು ಮುಳ್ಳು ನೋಡಿ ಬರೋದು ಅಂದ್ಕೊಂಡು ಹೋದರೆ, ಆ ಒಂದು ಹಾಳೆ ತುಂಬೋಕೆ ಮೂರು ದಿನ ಹಿಡಿಯಿತು.

ಟೆಂಡರಿನಲ್ಲಿ ಬರೆದಿದ್ದ ಪಾಸ್ ಆಗುವ ಷರತ್ತು ಇಷ್ಟೇ: ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಟ್ಟು ಎರಡು ಗಂಟೆ ನಿಲ್ಲಿಸಬೇಕು, ಒತ್ತಡ ಬೀಳಬಾರದು, ಕಣ್ಣಿಗೆ ಕಾಣುವ ಸೋರಿಕೆ ಇರಬಾರದು. ಅಮೆರಿಕದ ಎನ್‌ಎಫ್‌ಪಿಎ 13 ಸ್ಪ್ರಿಂಕ್ಲರುಗಳಿಗೆ ಸಾಮಾನ್ಯವಾಗಿ 200 ಪಿಎಸ್‌ಐ, ಅಂದ್ರೆ ಸುಮಾರು 13.8 ಬಾರ್, ಎರಡು ಗಂಟೆ ಅನ್ನುತ್ತೆ. ಸಂಖ್ಯೆ ಬೇರೆ, ರೀತಿ ಅದೇ. ನಮ್ಮ ಬ್ಲಾಕಿನಲ್ಲಿ ಕೆಲಸದ ಒತ್ತಡ 7 ಬಾರ್, ಹಾಗಾಗಿ ಟೆಸ್ಟ್ ಒತ್ತಡ 10.5 ಬಾರ್.

ಆದರೆ 10.5 ಎಲ್ಲಿ? ಈ ಪ್ರಶ್ನೆ ನಮಗೆ ಹೊಳೆದಿರಲಿಲ್ಲ, ಕನ್ಸಲ್ಟೆಂಟ್ ಕಡೆಯಿಂದ ಬಂದಿದ್ದ ಹಿರಿಯ ಇಂಜಿನಿಯರ್ ಕೇಳಿದ ಮೊದಲ ಪ್ರಶ್ನೆಯೇ ಅದು. (ಅವರನ್ನು ಇಲ್ಲಿ ಸರ್ ಅಂತಲೇ ಕರೀತೀವಿ. ಹೆಸರು ಹಾಕಿದರೆ ಬೈತಾರೆ.) ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್. ಕಟ್ಟಡ ನೆಲದಿಂದ ಟೆರೇಸಿಗೆ 20 ಮೀಟರ್. ಗೇಜನ್ನು ಕೆಳಗೆ ಹಾಕಿ 10.5 ಮಾಡಿದರೆ ಟೆರೇಸಿನ ಪೈಪಿಗೆ ಸಿಗೋದು 8.5. ಗೇಜನ್ನು ಟೆರೇಸಿನಲ್ಲಿ ಹಾಕಿ 10.5 ಮಾಡಿದರೆ ಕೆಳಗಿನ ವಾಲ್ವ್ 12.5 ತಡೀಬೇಕು. ಎರಡೂ ಹಾಳೆಯ ಮೇಲೆ 10.5 ಅಂತಲೇ ಬೀಳುತ್ತೆ. ಗೇಜು ಅತ್ಯಂತ ಕೆಳಗಿನ ಬಿಂದುವಿನಲ್ಲಿ ಇರೋದು ವಾಡಿಕೆ, ಇಲ್ಲೂ ಹಾಗೇ ಇತ್ತು. ಆದರೂ ಸರ್ ಹಾಳೆಯಲ್ಲಿ ಕೈಯಿಂದ ಸೇರಿಸಿದರು: “ಗೇಜ್ ನೆಲಮಹಡಿ, ರೈಸರ್ ಬುಡದಲ್ಲಿ.”

ಮೊದಲ ದಿನದ ರೀಡಿಂಗ್ ಹೀಗಿತ್ತು. ಬೆಳಿಗ್ಗೆ 10 ಗಂಟೆಗೆ 10.5. ಹತ್ತೂವರೆಗೆ 10.5. ಹನ್ನೊಂದಕ್ಕೆ 10.5. ಹನ್ನೊಂದೂವರೆಗೆ 10.6. ಹನ್ನೆರಡಕ್ಕೆ 10.5. ಸೈಟ್ ಇಂಜಿನಿಯರ್ ಪೆನ್ನು ತೆಗೆದು ಸಹಿ ಹಾಕಿ, ಹಾಳೆಯನ್ನು ಸರ್ ಕಡೆ ತಿರುಗಿಸಿದರು. ನಾವೂ ಚಪ್ಪಾಳೆ ತಟ್ಟೋ ಮೂಡಿನಲ್ಲಿದ್ದೆವು.

ಸರ್ ಸಹಿ ಹಾಕಲಿಲ್ಲ. ಹನ್ನೊಂದೂವರೆಯ ರೀಡಿಂಗ್ ಮೇಲೆ ಬೆರಳಿಟ್ಟು ಕೇಳಿದರು, “ಪಂಪ್ ಹತ್ತು ಗಂಟೆಗೇ ಬಂದ್ ಆಗಿದೆ. ಹಾಗಾದ್ರೆ ಈ 0.1 ಯಾರು ಹಾಕಿದ್ದು?”

“ಸರ್, ಪಾಯಿಂಟ್ ಒನ್ ತಾನೆ, ಕಣ್ಣಿನ ವ್ಯತ್ಯಾಸ ಇರಬಹುದು,” ಅಂದ್ರು ಸೈಟ್ ಇಂಜಿನಿಯರ್.

“ಬಿದ್ದಿದ್ರೆ ಕಣ್ಣಿನ ವ್ಯತ್ಯಾಸ ಅಂತಿದ್ರಿ, ಏರಿದ್ರೂ ಅದನ್ನೇ ಅಂತೀರಿ. ಯಾವುದನ್ನ ನಂಬೋಣ ಹೇಳಿ?” ಅಂತ ಹೇಳಿ, ಫಿಟ್ಟರ್ ಅಣ್ಣನ ಕಡೆ ತಿರುಗಿದರು. “ಐದರಿಂದ ಹತ್ತು ಬಾರಿಗೆ ಏರಿಸೋಕೆ ಎಷ್ಟು ನೀರು ಎಳೀತಪ್ಪಾ?”

ಫಿಟ್ಟರ್ ಅಣ್ಣ ಯೋಚನೆ ಮಾಡಿ ಹೇಳಿದರು. ಕೈಪಂಪಿನ ಪಕ್ಕ ಇಟ್ಟಿದ್ದ 20 ಲೀಟರಿನ ಕ್ಯಾನು ಮುಕ್ಕಾಲು ಭಾಗ ಖಾಲಿಯಾಯ್ತು, ಒಬ್ಬರ ಕೈ ಸೋತು ಇಬ್ಬರು ಸರದಿಯಲ್ಲಿ ಒತ್ತಿದರು ಅಂತ. ಅಷ್ಟು ಕೇಳಿದ್ದೇ ಸರ್ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು. “ಒಳಗೆ ಗಾಳಿ ಇದೆ. ನಾಳೆ ಮತ್ತೆ ಮಾಡೋಣ.”

ನಮಗೆ ಅರ್ಥ ಆಗಲಿಲ್ಲ ಅಂತ ಮುಖ ನೋಡಿಯೇ ಗೊತ್ತಾಗಿರಬೇಕು. ಕ್ಯಾಂಟೀನಿನಲ್ಲಿ ಕೂತು ಲೆಕ್ಕ ಹಾಕಿ ಬನ್ನಿ ಅಂದ್ರು. ಹಾಕಿದೆವು. ಈ ಬರಹದ ಮುಖ್ಯ ಭಾಗ ಇದೇ, ಸ್ವಲ್ಪ ನಿಧಾನವಾಗಿ ಓದಿ.

ಬ್ಲಾಕಿನಲ್ಲಿ 100 ಎಂಎಂ ಪೈಪ್ ಸುಮಾರು 80 ಮೀಟರ್, 80 ಎಂಎಂ ಪೈಪ್ ಸುಮಾರು 65 ಮೀಟರ್. ಒಳಗಿನ ವ್ಯಾಸ ಹಿಡಿದು ಲೆಕ್ಕ ಮಾಡಿದರೆ ಒಟ್ಟು ಹಿಡಿಯುವ ನೀರು ಹೆಚ್ಚು ಕಡಿಮೆ 1000 ಲೀಟರ್. ನೀರನ್ನು ಒತ್ತಿದರೆ ಕುಗ್ಗಲ್ಲ ಅಂತ ನಾವು ಸ್ಕೂಲಿನಲ್ಲಿ ಓದಿದ್ದು. ಪೂರ್ತಿ ನಿಜ ಅಲ್ಲ. ನೀರಿನ ಬಲ್ಕ್ ಮಾಡ್ಯುಲಸ್ ಸುಮಾರು 2.2 ಗಿಗಾಪ್ಯಾಸ್ಕಲ್, ಹಾಗಾಗಿ 1000 ಲೀಟರ್ ನೀರು ಒಂದು ಬಾರ್ ಒತ್ತಡಕ್ಕೆ 45 ಮಿಲಿಲೀಟರಿನಷ್ಟು ಕುಗ್ಗುತ್ತೆ. ಉಕ್ಕಿನ ಪೈಪೂ ಒಂಚೂರು ಉಬ್ಬುತ್ತೆ, ಅದಕ್ಕೆ ಇನ್ನೊಂದು 10 ಮಿಲಿ. ಒಟ್ಟು 55 ಮಿಲಿ. ನಮ್ಮ ಕ್ಯಾಂಟೀನಿನ ಬೈಟೂ ಕಾಫಿಯಷ್ಟು.

ಅಂದ್ರೆ ಪೈಪಿನ ತುಂಬ ಬರೀ ನೀರೇ ಇದ್ದರೆ, ಒಂದು ಬೈಟೂ ಕಾಫಿಯಷ್ಟು ನೀರು ಒಳಗೆ ತಳ್ಳಿದರೆ ಒಂದು ಬಾರ್ ಏರಬೇಕು, ಅಷ್ಟೇ ನೀರು ಸೋರಿದರೆ ಒಂದು ಬಾರ್ ಇಳಿಯಬೇಕು. ಐದರಿಂದ ಹತ್ತಕ್ಕೆ ಏರಿಸೋಕೆ ಐದು ಬೈಟೂ, ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ. ಫಿಟ್ಟರ್ ಅಣ್ಣ ಒತ್ತಿದ್ದು 14-15 ಲೀಟರ್. ಉಳಿದ ನೀರೆಲ್ಲ ಎಲ್ಲಿ ಹೋಯ್ತು? ಗಾಳಿಯನ್ನು ಹಿಂಡೋಕೆ ಹೋಯ್ತು.

ಎಷ್ಟು ಗಾಳಿ ಅನ್ನೋದನ್ನು ಪಿಯುಸಿಯ ಬಾಯ್ಲನ ನಿಯಮದಿಂದಲೇ ಹೇಳಬಹುದು, p₁V₁ = p₂V₂. ಗಾಳಿ ಸಿಕ್ಕಿಕೊಳ್ಳೋದು ಮೇಲೆ, ಟೆರೇಸಿನಲ್ಲಿ. ಅಲ್ಲಿಯ ಒತ್ತಡ ಗೇಜಿಗಿಂತ 2 ಬಾರ್ ಕಡಿಮೆ. ವಾತಾವರಣದ ಒಂದು ಬಾರ್ ಸೇರಿಸಿದರೆ, ಗೇಜು 5 ತೋರಿಸುವಾಗ ಮೇಲೆ 4 ಬಾರ್, ಗೇಜು 10 ತೋರಿಸುವಾಗ 9 ಬಾರ್. 100 ಲೀಟರ್ ಗಾಳಿ ಇದ್ದಿದ್ದರೆ ಅದು ಮೊದಲು 25 ಲೀಟರಿಗೆ, ಆಮೇಲೆ 11 ಲೀಟರಿಗೆ ಕುಗ್ಗಿರುತ್ತೆ. ವ್ಯತ್ಯಾಸ 14 ಲೀಟರ್. ಕ್ಯಾನಿಗೆ ಸರಿಯಾಗಿ ಹೊಂದಿತು. 80 ಎಂಎಂ ಪೈಪಿನಲ್ಲಿ 100 ಲೀಟರ್ ಅಂದ್ರೆ 20 ಮೀಟರ್ ಉದ್ದ. ಟೆರೇಸಿನ ಮೇಲೆ ಹೋಗಿರೋ ಲೈನಿನ ಉದ್ದವೂ ಹತ್ತಿರ ಹತ್ತಿರ ಅಷ್ಟೇ. ರೈಸರಿನ ತಲೆಯ ಏರ್ ವಾಲ್ವ್ ತೆರೆದು ನೀರು ತುಂಬಿದ್ದರು ನಿಜ. ಆದರೆ ಟೆರೇಸ್ ಲೈನು ಆ ಕಡೆಯ ತುದಿಗೆ ಒಂಚೂರು ಏರುತ್ತಾ ಹೋಗುತ್ತೆ, ಆ ತುದಿಯ ಪ್ಲಗ್ಗನ್ನು ಯಾರೂ ಬಿಚ್ಚಿರಲಿಲ್ಲ. ಪೈಪಿಗೆ ಪೈಪೇ ಗಾಳಿ.

ಗಾಳಿ ಇದ್ದರೆ ಏನಾಯ್ತು, ಸೋರಿದರೆ ಮುಳ್ಳು ಬೀಳಲೇಬೇಕಲ್ವಾ ಅಂತ ನಮ್ಮಲ್ಲೇ ಒಬ್ಬರು ವಾದ ಮಾಡಿದರು. ಬೀಳುತ್ತೆ, ಆದರೆ ಎಷ್ಟು? ಈಗ ಒಂದು ಜಾಯಿಂಟಿನಿಂದ ಸೆಕೆಂಡಿಗೊಂದು ಹನಿ ಬೀಳ್ತಿದೆ ಅಂದ್ಕೊಳ್ಳಿ. ಇಪ್ಪತ್ತು ಹನಿಗೆ ಒಂದು ಮಿಲಿ ಅಂತ ಹಿಡಿದರೆ ನಿಮಿಷಕ್ಕೆ 3 ಮಿಲಿ, ಎರಡು ಗಂಟೆಗೆ 360 ಮಿಲಿ. ಗಾಳಿ ಇಲ್ಲದ ಪೈಪಿನಲ್ಲಿ ಇದಕ್ಕೆ ಒತ್ತಡ 6 ಬಾರಿಗಿಂತ ಹೆಚ್ಚು ಕುಸಿಯಬೇಕು. ಕುರುಡರಿಗೂ ಗೊತ್ತಾಗುತ್ತೆ. ಆದರೆ ಮೇಲೆ ಹಿಂಡಿಕೊಂಡು ಕೂತ ಗಾಳಿ ಸ್ಪ್ರಿಂಗಿನ ಹಾಗೆ. ನೀರು ಹೋದಷ್ಟೂ ಅದು ಹಿಗ್ಗಿ ಜಾಗ ತುಂಬುತ್ತೆ. ಆ ದಿನ ಇದ್ದಷ್ಟು ಗಾಳಿಗೆ, ಒಂದು ಬಾರ್ ಇಳಿಯಬೇಕಾದರೆ ಹೆಚ್ಚು ಕಡಿಮೆ 1.2 ಲೀಟರ್ ನೀರು ಸೋರಬೇಕು. 360 ಮಿಲಿಗೆ ಇಳಿಯೋದು 0.3 ಬಾರ್ ಮಾತ್ರ. ಗೇಜಿನ ಒಂದು ಸಣ್ಣ ಗೆರೆಯೇ 0.2 ಬಾರ್.

ಆ 0.3 ಕೂಡ ಯಾಕೆ ಕಾಣಲಿಲ್ಲ ಅನ್ನೋದಕ್ಕೆ ಉತ್ತರ ಬಿಸಿಲು. ರೈಸರ್ ಕಟ್ಟಡದ ಪೂರ್ವದ ಗೋಡೆಗೆ ಅಂಟಿಕೊಂಡು ಹೊರಗೇ ಏರಿದೆ, ಟೆರೇಸ್ ಲೈನಿಗಂತೂ ನೆರಳೇ ಇಲ್ಲ. ನಮ್ಮ ಹವೆಯಲ್ಲಿ 1000 ಲೀಟರ್ ನೀರು ಒಂದು ಡಿಗ್ರಿ ಬಿಸಿಯಾದರೆ 300 ಮಿಲಿ ಹಿಗ್ಗುತ್ತೆ. ಪೈಪೂ ಹಿಗ್ಗುತ್ತೆ, ಅದನ್ನು ಕಳೆದರೆ 260 ಮಿಲಿಯಷ್ಟು ಉಳಿಯುತ್ತೆ. ಬೆಳಿಗ್ಗೆ ಹತ್ತರಿಂದ ಹನ್ನೆರಡರ ಒಳಗೆ ನೀರು ಸರಾಸರಿ ಒಂದೂವರೆ ಡಿಗ್ರಿ ಬಿಸಿಯಾಗೋಕೆ ಏನು ಕಷ್ಟ? ಅಷ್ಟಾದರೆ ಎರಡು ಗಂಟೆಯ ಸೋರಿಕೆ ಪೂರ್ತಿ ಮುಚ್ಚಿಹೋಗುತ್ತೆ. ಟೆರೇಸಿನ ಗಾಳಿಯೂ ಬಿಸಿಯಾಗಿ ಅದರ ಪಾಲು ತಳ್ಳುತ್ತೆ. ಹನ್ನೊಂದೂವರೆಯ 10.6 ಬಂದಿದ್ದು ಹಾಗೆ. ಒಂದು ಕಡೆ ನೀರು ಹೋಗ್ತಾ ಇರಬಹುದು, ಇನ್ನೊಂದು ಕಡೆ ಬಿಸಿಲು ತುಂಬಿಸ್ತಾ ಇದೆ, ಮುಳ್ಳು ಮಧ್ಯೆ ಸುಮ್ಮನೆ ನಿಂತಿದೆ.

ಗಮನಿಸಿ, ಸೋರಿಕೆ ಇದೆ ಅಂತ ಇದರಿಂದ ಸಾಬೀತಾಗಲ್ಲ. ಇಲ್ಲ ಅಂತಲೂ ಸಾಬೀತಾಗಲ್ಲ. ಆ ಐದು ರೀಡಿಂಗಿಗೆ ಅರ್ಥವೇ ಇಲ್ಲ, ಅಷ್ಟೇ. ಸರ್ ಸಹಿ ಹಾಕದಿದ್ದಿದ್ದು ಅದಕ್ಕೆ.

ಎರಡನೇ ದಿನ ಬೆಳಿಗ್ಗೆ ಆರಕ್ಕೆ ಟೆಸ್ಟ್. ಹಿಂದಿನ ಸಂಜೆಯೇ ಫಿಟ್ಟರ್ ಅಣ್ಣ ಒತ್ತಡ ಇಳಿಸಿ, ಟೆರೇಸಿನ ತುದಿಯ ಪ್ಲಗ್ ಬಿಚ್ಚಿ, ಕೆಳಗಿನಿಂದ ನಿಧಾನವಾಗಿ ನೀರು ಬಿಟ್ಟರು. ನಾವು ಇಬ್ಬರು ಮೇಲೆ ನಿಂತಿದ್ದೆವು. ಮೊದಲು ಬುಸ್ ಅಂತ ಗಾಳಿ, ಆಮೇಲೆ ಕೆಮ್ಮಿದ ಹಾಗೆ ಗಾಳಿ ನೀರು ಎರಡೂ, ಮುಖದ ಮೇಲೆಲ್ಲ ತುಕ್ಕಿನ ನೀರು, ಕೊನೆಗೆ ಒಂದೇ ಧಾರೆ. ಧಾರೆ ಒಡೆಯದೆ ಒಂದೆರಡು ನಿಮಿಷ ಹರಿದ ಮೇಲೆ ಪ್ಲಗ್ ಹಾಕಿದರು. ರಾತ್ರಿಯಿಡೀ ನೀರು ಒಳಗೇ ಇತ್ತು, ಪೈಪಿನ ಬಿಸಿಯೂ ನೀರಿನ ಬಿಸಿಯೂ ಒಂದಾಗಲಿ ಅಂತ.

ಈ ಸಲ ಕ್ಯಾನಿನ ಬದಲು ಅಳತೆಯ ಜಗ್ ಬೇಕು ಅಂದಿದ್ರು ಸರ್. ಸೈಟಿನಲ್ಲಿ ಇರಲಿಲ್ಲ. ಮೆಸ್ಸಿನ ಭಟ್ಟರ ಹತ್ರ ಹಾಲು ಅಳೆಯುವ ಲೀಟರ್ ಜಗ್ ಕೇಳಿ ತಂದೆವು. ಈ ಟೆಸ್ಟಿಗೆ ನಮ್ಮ ತಾಂತ್ರಿಕ ಕೊಡುಗೆ ಅಂದ್ರೆ ಅದೊಂದೇ. ಐದರಿಂದ ಹತ್ತು ಬಾರಿಗೆ ಏರೋಕೆ ಈ ಸಲ ಎಳೆದಿದ್ದು ಅರ್ಧ ಲೀಟರ್, ಪಂಪಿನ ಹಿಡಿ ಇಪ್ಪತ್ತು ಸಲ ಒತ್ತುವಷ್ಟರಲ್ಲಿ ಮುಗೀತು. ಲೆಕ್ಕದ ಕಾಲು ಲೀಟರಿಗಿಂತ ಜಾಸ್ತಿಯೇ. ಎಲ್ಲೋ ಮೊಣಕೈ, ಟೀ ಮೂಲೆಗಳಲ್ಲಿ ಸ್ವಲ್ಪ ಗಾಳಿ ಉಳಿದೇ ಇರುತ್ತೆ, ಇಷ್ಟಾದರೆ ಪರವಾಗಿಲ್ಲ ಅಂದ್ರು ಸರ್. ಆ ಅರ್ಧ ಲೀಟರನ್ನೂ ಹಾಳೆಯಲ್ಲಿ ಬರೆದರು. ಅದರ ಅರ್ಥ, ಈಗ ಒಂದು ಬಾರಿಗೆ ಸುಮಾರು 100 ಮಿಲಿ.

ಆರು ಗಂಟೆಗೆ 10.5. ಆರೂ ಹತ್ತಕ್ಕೆ 10.2. ಆರೂ ಇಪ್ಪತ್ತಕ್ಕೆ 9.9. ಆರೂವರೆಗೆ 9.6. ಯಾರೂ ಮಾತಾಡಲಿಲ್ಲ.

ಹತ್ತು ನಿಮಿಷಕ್ಕೆ 0.3 ಬಾರ್ ಅಂದ್ರೆ 30 ಮಿಲಿ, ಅಂದ್ರೆ ನಿಮಿಷಕ್ಕೆ 3 ಮಿಲಿ. ಎಲ್ಲೋ ಸೆಕೆಂಡಿಗೊಂದು ಹನಿ ಬೀಳ್ತಿದೆ, ಅಥವಾ ಎರಡು ಕಡೆ ಅರ್ಧರ್ಧ. ಹುಡುಕಬೇಕಾದ್ದು ಎಷ್ಟು ದೊಡ್ಡದು ಅಂತ ಹುಡುಕುವ ಮೊದಲೇ ಗೊತ್ತಾಗಿದ್ದು ನಮಗೆ ತುಂಬ ಹಿಡಿಸಿತು. ಮೊದಲು ಟೆಸ್ಟ್ ಪಂಪಿನ ಹೋಸು, ಅದರ ವಾಲ್ವು ನೋಡಿದರು. ಎಷ್ಟೋ ಸಲ ಕಳ್ಳ ಅಲ್ಲೇ ಇರ್ತಾನಂತೆ, ನೆಟ್‌ವರ್ಕಿಗೆ ಸುಮ್ಮನೆ ಕೆಟ್ಟ ಹೆಸರು. ಹೋಸ್ ಒಣಗಿತ್ತು. ಆಮೇಲೆ ಫಿಟ್ಟರ್ ಅಣ್ಣ ಕೈಯಲ್ಲಿ ಹಳೇ ನ್ಯೂಸ್‌ಪೇಪರ್ ಹಿಡಿದು ಮಹಡಿ ಮಹಡಿ ಹತ್ತಿದರು. ಪ್ರತಿ ಜಾಯಿಂಟನ್ನು ಬಟ್ಟೆಯಲ್ಲಿ ಒರೆಸಿ, ಪೇಪರ್ ಸುತ್ತಿ, ಒದ್ದೆ ಆಗುತ್ತಾ ನೋಡೋದು. ಮುಂಜಾನೆ ತಣ್ಣಗಿನ ಪೈಪಿನ ಮೇಲೆ ಇಬ್ಬನಿಯೂ ಕೂರೋದರಿಂದ ಒದ್ದೆ ಕಂಡ ತಕ್ಷಣ ಸೋರಿಕೆ ಅನ್ನಬಾರದು. ಒರೆಸಿದ ಮೇಲೆ ಒಂದೇ ಜಾಗದಲ್ಲಿ ಮತ್ತೆ ಹನಿ ಕಟ್ಟಿದರೆ ಮಾತ್ರ ಲೆಕ್ಕ.

ಸಿಕ್ಕಿದ್ದು ನಾಲ್ಕನೇ ಮಹಡಿಯಲ್ಲಿ, ಹೈಡ್ರಂಟ್ ವಾಲ್ವಿಗೆ ಹೋಗುವ ಕವಲಿನ ಫ್ಲಾಂಜಿನಲ್ಲಿ. ಫ್ಲಾಂಜಿನ ಹಿಂಬದಿ ಗೋಡೆ ಕಡೆ, ಮುಂದಿನಿಂದ ನೋಡಿದರೆ ಏನೂ ಕಾಣಲ್ಲ. ಹನಿ ನೇರ ಬೀಳದೆ ಪೈಪಿನ ಬೆನ್ನಿನ ಮೇಲೇ ಇಳಿದು ಶಾಫ್ಟಿನ ಕೆಳಗೆ ಹೋಗ್ತಿತ್ತು. ಮೊದಲ ದಿನವೂ “ಕಣ್ಣಿಗೆ ಕಾಣುವ ಸೋರಿಕೆ ಇಲ್ಲ” ಅನ್ನೋ ಕಡೆ ಟಿಕ್ ಬಿದ್ದಿತ್ತು. ನೋಡಿದವರು ಸುಳ್ಳು ಹೇಳಿರಲಿಲ್ಲ, ಕಂಡಿರಲಿಲ್ಲ.

ಸ್ಪ್ಯಾನರ್ ಹಿಡಿದು ಅಲ್ಲೇ ಬೋಲ್ಟ್ ಬಿಗಿ ಮಾಡೋಕೆ ಹೋದ ಹುಡುಗನನ್ನು ಫಿಟ್ಟರ್ ಅಣ್ಣ ಗದರಿದರು. ಒತ್ತಡ ಇರುವಾಗ ಬೋಲ್ಟ್ ಮುಟ್ಟೋದು ಅಂದ್ರೆ, ಗ್ಯಾಸ್ಕೆಟ್ ಕಿತ್ತು ಬಂದರೆ ಮುಖಕ್ಕೇ. ಕೆಳಗೆ ಫೋನ್ ಮಾಡಿ ಒತ್ತಡ ಸೊನ್ನೆಗೆ ಇಳಿಸಿದ ಮೇಲೆ ಬಿಚ್ಚಿದರು. ಗೋಡೆ ಕಡೆಯ ಎರಡು ಬೋಲ್ಟಿಗೆ ಸ್ಪ್ಯಾನರ್ ಸರಿಯಾಗಿ ತಿರುಗುವ ಜಾಗ ಇರಲಿಲ್ಲ, ಹಾಗಾಗಿ ಆ ಕಡೆ ಸಡಿಲ, ಈ ಕಡೆ ಬಿಗಿ. ಗ್ಯಾಸ್ಕೆಟ್ ಒಂದು ಬದಿ ಚಪ್ಪಟೆಯಾಗಿ ಇನ್ನೊಂದು ಬದಿ ಹಾಗೇ ಉಳಿದಿತ್ತು. ಹೊಸ ಗ್ಯಾಸ್ಕೆಟ್ ಹಾಕಿ, ಎದುರು ಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದರು.

ಸೆಕೆಂಡಿಗೊಂದು ಹನಿಗೆ ಇಷ್ಟೆಲ್ಲ ಬೇಕಾ? ನಮಗೂ ಅನ್ನಿಸಿತು, ಕೇಳಿಯೂ ಬಿಟ್ಟೆವು. ಬೆಂಕಿ ಬಿದ್ದ ದಿನ ನಿಮಿಷಕ್ಕೆ ನೂರಾರು ಲೀಟರ್ ಹರಿಯೋ ಪೈಪಿಗೆ 3 ಮಿಲಿ ಯಾವ ಲೆಕ್ಕ? ಸರ್ ಹೇಳಿದ್ದು ಬೆಂಕಿಯ ದಿನದ ಬಗ್ಗೆ ಅಲ್ಲ, ಬೆಂಕಿ ಇಲ್ಲದ ದಿನಗಳ ಬಗ್ಗೆ. ಈ ಪೈಪುಗಳಲ್ಲಿ ಯಾವಾಗಲೂ ಒತ್ತಡ ಇರಬೇಕು. ಸ್ವಲ್ಪ ಇಳಿದರೆ ಜಾಕಿ ಪಂಪ್ ಅನ್ನೋ ಚಿಕ್ಕ ಪಂಪು ತಾನಾಗಿ ಓಡಿ ತುಂಬಿಸುತ್ತೆ. ನಾವೇ ನೋಡಿದ ಹಾಗೆ ಗಾಳಿ ಇಲ್ಲದ ಪೈಪಿನಲ್ಲಿ 3 ಮಿಲಿ ಸೋರಿಕೆ ಅರ್ಧ ಗಂಟೆಗೆ ಸುಮಾರು ಒಂದು ಬಾರ್. ಅಂದ್ರೆ ಹಗಲೂ ರಾತ್ರಿ ಜಾಕಿ ಪಂಪ್ ಓಡ್ತಾ, ನಿಲ್ತಾ ಇರುತ್ತೆ. ಒಂದು ದಿನ ಸದ್ದು ತಾಳಲಾರದೆ ಯಾರೋ ಅದರ ಸ್ವಿಚ್ ಆಫ್ ಮಾಡ್ತಾರೆ. ಅಥವಾ ನಾಲ್ಕನೇ ಮಹಡಿಯ ಗೋಡೆ ಒದ್ದೆ ಅಂತ ಕಂಪ್ಲೇಂಟ್ ಬಂದು, ಆ ಕವಲಿನ ವಾಲ್ವನ್ನು “ರಿಪೇರಿ ಆಗೋ ತನಕ” ಮುಚ್ತಾರೆ. ಮುಚ್ಚಿದ್ದು ಯಾರು, ಯಾವಾಗ ಅಂತ ವರ್ಷ ಕಳೆದ ಮೇಲೆ ಯಾರಿಗೂ ನೆನಪಿರಲ್ಲ. ಸೋರೋ ಪೈಪಿನಿಂದ ಬೆಂಕಿ ಆರುತ್ತೆ, ಮುಚ್ಚಿದ ವಾಲ್ವಿನಿಂದ ಆರಲ್ಲ. ಅವರು ಇದನ್ನು ಹೇಳಿದ್ದು ನಾಲ್ಕನೇ ಮಹಡಿಯಲ್ಲೇ ನಿಂತು. ನಮ್ಮ ರೂಮುಗಳು ಬರೋ ಕಾರಿಡಾರ್ ಅಲ್ಲೇ ಕಾಣ್ತಿತ್ತು.

ಮೂರನೇ ದಿನ ಬೆಳಿಗ್ಗೆ ಐದಕ್ಕೇ ಶುರು. ಪೈಪಿನ ಮೇಲೆ ಒಂದು ಥರ್ಮಾಮೀಟರ್ ಟೇಪು ಹಾಕಿ ಅಂಟಿಸಿದ್ದರು. ಐದು ಗಂಟೆಗೆ 10.5. ಐದೂವರೆಗೆ 10.5. ಆರಕ್ಕೆ 10.5. ಆರೂವರೆಗೆ 10.5. ಏಳು ಗಂಟೆಗೆ, ಗೋಡೆಗೆ ಬಿಸಿಲು ತಾಗುವ ಹೊತ್ತಿಗೆ, 10.7.

ಮತ್ತೆ ಏರಿತು. ಸೈಟ್ ಇಂಜಿನಿಯರ್ ಮುಖ ನೋಡಬೇಕಿತ್ತು. ಆದರೆ ಈ ಸಲ ಏರಿಕೆಗೆ ಲೆಕ್ಕ ಇತ್ತು. ಒಂದು ಡಿಗ್ರಿಗೆ 260 ಮಿಲಿ, ಒಂದು ಬಾರಿಗೆ 100 ಮಿಲಿ, ಹಾಗಾದರೆ ಒಂದು ಡಿಗ್ರಿಗೆ ಎರಡೂವರೆ ಬಾರ್. ಥರ್ಮಾಮೀಟರ್ 21.9ರಿಂದ 22.0ಕ್ಕೆ ಬಂದಿತ್ತು. 0.1 ಡಿಗ್ರಿಗೆ ಕಾಲು ಬಾರ್, ಮುಳ್ಳು ತೋರಿಸಿದ್ದು 0.2. ಸೋರುವ ಪೈಪಾಗಿದ್ದರೆ ಅದಕ್ಕೂ ಮೊದಲಿನ ಒಂದೂವರೆ ಗಂಟೆಯಲ್ಲೇ, ಬಿಸಿಲಿಲ್ಲದ ಹೊತ್ತಿನಲ್ಲೇ, ಬಿದ್ದು ತೋರಿಸಬೇಕಿತ್ತು. ಗಾಳಿ ಇಲ್ಲದ ಪೈಪು ಅಷ್ಟು ಸೂಕ್ಷ್ಮ. ಬಿಸಿಲಿನಲ್ಲಿ ಹಾಗೇ ಬಿಟ್ಟರೆ ಒತ್ತಡ ಅಪಾಯದ ಮಟ್ಟಕ್ಕೂ ಏರಬಹುದು, ಹಾಗಾಗಿ ಏಳೂ ಐದಕ್ಕೆಲ್ಲ ಡ್ರೇನ್ ವಾಲ್ವ್ ತೆರೆದು ಇಳಿಸಿದರು. ಷರತ್ತಿನಲ್ಲಿ ಬೀಳಬಾರದು ಅಂತ ಇದೆ, ಏರಬಾರದು ಅಂತ ಇಲ್ಲ. ಬರೆದವರು ಬಿಸಿಲನ್ನು ಮರೆತಿದ್ದಾರೆ ಅಂತ ನಮ್ಮ ಅನಿಸಿಕೆ.

ಸರ್ ಹಾಳೆಯ ರಿಮಾರ್ಕ್ಸ್ ಜಾಗದಲ್ಲಿ ಬರೆದಿದ್ದು ರೀಡಿಂಗಿಗಿಂತ ಉದ್ದ ಆಯ್ತು. ಗೇಜು ಎಲ್ಲಿತ್ತು, ಅದರ ಕ್ಯಾಲಿಬ್ರೇಶನ್ ಯಾವತ್ತಿನ ತನಕ, ಗಾಳಿ ಯಾವ ಯಾವ ತುದಿಯಿಂದ ಬಿಟ್ಟರು, ಐದರಿಂದ ಹತ್ತಕ್ಕೆ ಎಷ್ಟು ನೀರು, ಪೈಪಿನ ತಾಪ ಶುರುವಿನಲ್ಲಿ ಎಷ್ಟು ಕೊನೆಯಲ್ಲಿ ಎಷ್ಟು, ಯಾವ ಫ್ಲಾಂಜ್ ಬಿಚ್ಚಿ ಕಟ್ಟಿದ್ದು. ಮೊದಲ ಎರಡು ದಿನದ ರೀಡಿಂಗುಗಳನ್ನೂ ಹರಿದು ಬಿಸಾಡದೆ ಅದರ ಹಿಂದೆ ಪಿನ್ ಮಾಡಿದರು. ಸೈಟ್ ಇಂಜಿನಿಯರಿಗೆ ಅದು ಇಷ್ಟ ಆಗಲಿಲ್ಲ, ಫೇಲ್ ಆಗಿದ್ದೆಲ್ಲ ಫೈಲಿಗೆ ಯಾಕೆ ಸರ್ ಅಂತ ಗೊಣಗಿದರು. “ನಾಲ್ಕನೇ ಮಹಡಿ ಫ್ಲಾಂಜ್ ಮುಂದೆ ಯಾವತ್ತಾದ್ರೂ ಒದ್ದೆ ಆದ್ರೆ, ಬರೋ ಹುಡುಗ ಎಲ್ಲಿಂದ ಹುಡುಕ್ತಾನೆ?” ಅಂತಷ್ಟೇ ಕೇಳಿ ಸಹಿ ಹಾಕಿದರು. ಮೂರನೇ ಸಹಿ ಎಸ್ಟೇಟ್ ಆಫೀಸಿನವರದ್ದು, ಅವರು ಹತ್ತು ಗಂಟೆಗೆ ಬಂದು ಓದಿ ಹಾಕಿದರು. ಓದಿ ಅನ್ನೋದನ್ನು ಬೇಕಂತಲೇ ಬರೀತಿದೀವಿ.

ಫಿಟ್ಟರ್ ಅಣ್ಣ ಗೇಜನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಇಟ್ಟರು. ಪಕ್ಕದ ಬ್ಲಾಕಿನ ಟೆಸ್ಟ್ ಮುಂದಿನ ಗುರುವಾರ. ಹಾಲಿನ ಜಗ್ ಮತ್ತೆ ತರ್ತೀರಾ ಅಂತ ಕೇಳಿದ್ದಾರೆ, ಭಟ್ಟರು ಈ ಸಲ ಸ್ಟೀಲಿನದ್ದು ಕೊಡಲ್ಲ, ಪ್ಲಾಸ್ಟಿಕ್ಕಿನದ್ದು ತಗೊಂಡು ಹೋಗಿ ಅಂದಿದ್ದಾರೆ.